150 ಎಎಚ್ ಬ್ಯಾಟರಿಯಿಂದ ನಿಜಕ್ಕೂ ಎಷ್ಟು ವ್ಯಾಟ್-ಅವರ್ ಸಿಗುತ್ತದೆ? ನನ್ನ ಲೆಕ್ಕ ಸರಿಯಿದೆಯಾ ನೋಡಿ

ಪುತ್ತೂರಿನವಳು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಸಂಜೆ ಸಿಡಿಲು ಮಳೆ ಶುರುವಾದರೆ ನಮ್ಮಲ್ಲಿ ಕರೆಂಟು ಹೋಗಿ ಮತ್ತೆ ಬರುವುದಕ್ಕೆ ಸುಮಾರು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಮನೆ ನಡೆಯಬೇಕು, ಅದಕ್ಕೆ ಈ ಲೆಕ್ಕ.

ಇರುವುದು 12 ವೋಲ್ಟಿನ ಇನ್ವರ್ಟರ್, ಒಂದು ಹೊಸ 150 ಎಎಚ್ ಟ್ಯೂಬುಲರ್ ಬ್ಯಾಟರಿ. ಲೋಡು ಹೀಗಿದೆ: 75 ವ್ಯಾಟಿನ ಸೀಲಿಂಗ್ ಫ್ಯಾನ್ ಎರಡು, 9 ವ್ಯಾಟಿನ ಎಲ್‌ಇಡಿ ಬಲ್ಬ್ ನಾಲ್ಕು, ಟಿವಿ 60, ವೈಫೈ ರೂಟರ್ 10. ಒಟ್ಟು 256 ವ್ಯಾಟ್.

150 × 12 = 1800 ವ್ಯಾಟ್-ಅವರ್. ಅದನ್ನು 256ರಿಂದ ಭಾಗಿಸಿದರೆ ಏಳು ಗಂಟೆ ಬರುತ್ತದೆ. ಬ್ಯಾಟರಿ ಕೊಟ್ಟವರು "ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ" ಅಂದಿದ್ದಾರೆ. ಹಾಗಾದರೆ ಮೂರೂವರೆ ಗಂಟೆ. ಆದರೆ ಎರಡು ಗಂಟೆ ದಾಟುವಾಗಲೇ ಬ್ಯಾಟರಿ ಸೋತ ಹಾಗೆ ಕಾಣುತ್ತದೆ, ಇನ್ವರ್ಟರಿನ ದೀಪ ಕೆಂಪಾಗುತ್ತದೆ. ಬ್ಯಾಟರಿಯೇ ಕೆಟ್ಟದ್ದಾ, ಲೆಕ್ಕವೇ ತಪ್ಪಾ?

ಹಾವೇರಿ ಮಂದಿ

ಅಕ್ಕಾರ, ಲೆಕ್ಕ ಬರೋಬ್ಬರಿ ಐತ್ರಿ. ಎಎಚ್ ಗುಣಿಸು ವೋಲ್ಟ್, ಅಷ್ಟ. ಅರ್ಧದ ಚಿಂತಿ ಬಿಡ್ರಿ. ಬ್ಯಾಟರಿ ಇಳಿತಂದ್ರ ಇನ್ವರ್ಟರ್ ತಾನ ಬಂದ್ ಆಗ್ತದ, ಅದ್ರಾಗ ಕಟ್ ಆಫ್ ಇರ್ತದ. ಅದು ಬಂದ್ ಮಾಡೂ ತನಕ ನೀವು ಧೈರ್ಯಲೆ ನಡಸ್ರಿ.

ನಾಕ ತಾಸು ಬೇಕಂದ್ರ ಇಂಥದ ಇನ್ನೊಂದು ಬ್ಯಾಟರಿ ತಂದು ಸೀರಿಸ್ ಮಾಡ್ರಿ. 24 ವೋಲ್ಟು, 300 ಎಎಚ್ ಆಗ್ತದ. 7200 ವ್ಯಾಟ್-ಅವರ್, ನಾಕ ಪಟ್ಟು.

ಹೈಡ್ರೋಮೀಟರ್

ಹಾವೇರಿಯವರೇ, ಗುಣಾಕಾರ ಸರಿ. ಸೀರಿಸ್ ಮತ್ತು ಕಟ್ ಆಫ್ ಎರಡನ್ನೂ ತಿದ್ದಬೇಕು, ಯಾಕೆಂದರೆ ಓದಿದವರು ಹಾಗೇ ಮಾಡಿಬಿಡುತ್ತಾರೆ.

ಸೀರಿಸ್ ಮಾಡಿದಾಗ ವೋಲ್ಟೇಜ್ ಮಾತ್ರ ಕೂಡುತ್ತದೆ, ಎಎಚ್ 150 ಆಗಿಯೇ ಉಳಿಯುತ್ತದೆ. 24 × 150 = 3600. ಪ್ಯಾರಲಲ್ ಮಾಡಿದರೆ ಎಎಚ್ ಕೂಡುತ್ತದೆ, ವೋಲ್ಟೇಜ್ 12ರಲ್ಲೇ ನಿಲ್ಲುತ್ತದೆ. 12 × 300 = 3600. ಎರಡು ಬ್ಯಾಟರಿ ಅಂದರೆ ಎರಡು ಪಟ್ಟು ಶಕ್ತಿ, ವೈರ್ ಹೇಗೆ ಕಟ್ಟಿದರೂ ಅಷ್ಟೇ. ಅದೂ ಅಲ್ಲದೆ ಇವರ ಇನ್ವರ್ಟರ್ 12 ವೋಲ್ಟಿನದು. ಅದಕ್ಕೆ 24 ಕೊಟ್ಟರೆ ಒಳಗಿನ ಮಾಸ್‌ಫೆಟ್‌ಗಳು ಸುಡುತ್ತವೆ.

ಕಟ್ ಆಫ್ ವಿಷಯ. ಮನೆಯ ಇನ್ವರ್ಟರ್‌ಗಳು ಸಾಮಾನ್ಯವಾಗಿ ಲೋಡಿನಲ್ಲಿ 10.5 ವೋಲ್ಟಿನ ಆಸುಪಾಸಿನಲ್ಲಿ ಬಂದ್ ಆಗುತ್ತವೆ. ಅಂದರೆ ಪ್ರತಿ ಸೆಲ್ಲಿಗೆ 1.75 ವೋಲ್ಟ್. ಕಂಪನಿಯವರು 150 ಎಎಚ್ ಎಂದು ಅಳೆಯುವಾಗ ನಿಲ್ಲಿಸುವುದೂ ಅದೇ 10.5ರಲ್ಲಿ. ಹಾಗಾಗಿ ಆ ಕಟ್ ಆಫ್ ಅರ್ಧದ ಗೆರೆಯನ್ನು ಕಾಯುವುದಿಲ್ಲ. ಅದು ಕೆಲಸ ಮಾಡುವಷ್ಟರಲ್ಲಿ ಬ್ಯಾಟರಿ ಹೆಚ್ಚುಕಡಿಮೆ ಖಾಲಿ.

ಇನ್ನು ಪುತ್ತೂರಿನವರ ಲೆಕ್ಕ. ಪೂರ್ತಿ ಸೂತ್ರ ಇದು:

```
Wh = Ah × V
Usable Wh = Ah × V × DoD × η
```

DoD ಅಂದರೆ ಒಟ್ಟಿನಲ್ಲಿ ಎಷ್ಟು ಪಾಲು ತೆಗೆಯುತ್ತೀರಿ ಅನ್ನುವುದು, ಅರ್ಧಕ್ಕೆ 0.5. ಕೊನೆಯಲ್ಲಿರುವುದು ಇನ್ವರ್ಟರಿನ ದಕ್ಷತೆ. ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ಒಂದು ಪಾಲು ಇನ್ವರ್ಟರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಇಂಥ ಲೋಡಿಗೆ 0.82 ಹಿಡಿಯೋಣ.

```
150 × 12 × 0.5 × 0.82 = 738 Wh
738 / 256 = 2.88 h
```

ಮೂರೂವರೆ ಗಂಟೆ ಇಲ್ಲಿಗೇ 2 ಗಂಟೆ 53 ನಿಮಿಷಕ್ಕೆ ಇಳಿಯಿತು. ಇನ್ನೂ ಒಂದು ಮೆಟ್ಟಿಲು ಇಳಿಯುವುದಿದೆ. ಮೇಡಂ, ಲೇಬಲ್ಲಿನಲ್ಲಿ 150 ಎಎಚ್ ಪಕ್ಕ ಏನು ಬರೆದಿದೆ ನೋಡಿ ಹೇಳಿ. C20 ಅಂತಲೋ, C10 ಅಂತಲೋ?

ಪುತ್ತೂರಿನವಳು

C20 ಅಂತ ಇದೆ ಸರ್. ಅದು ಮಾಡೆಲ್ ನಂಬರ್ ಅಂದುಕೊಂಡಿದ್ದೆ.

ರೂಟರ್ ನಂಬಿದವ

ನನ್ನದೂ ಇದೇ ಸಮಸ್ಯೆ, ಇಲ್ಲೇ ಕೇಳುತ್ತೇನೆ. ವೈಫೈಗೆ ಒಂದು ಚಿಕ್ಕ ಮಿನಿ ಯುಪಿಎಸ್ ತಂದಿದ್ದೇನೆ. ಮೇಲೆ 8800 ಎಂಎಎಚ್, ಔಟ್‌ಪುಟ್ 12 ವೋಲ್ಟ್ ಅಂತ ಇದೆ. 8.8 × 12 = 105 ವ್ಯಾಟ್-ಅವರ್. ರೂಟರ್ 8 ವ್ಯಾಟ್. ಹದಿಮೂರು ಗಂಟೆ ಬರಬೇಕು. ಬರುವುದು ಮೂರೂವರೆ ಗಂಟೆಯೊಳಗೆ. ಇದೂ C20 ಕಾರಣಕ್ಕಾ?

ಹೈಡ್ರೋಮೀಟರ್

ಅಲ್ಲ, ನಿಮ್ಮದು ಬೇರೆ. ಆ 8800 ಎಂಎಎಚ್ ಅನ್ನುವುದು ಒಳಗಿನ ಲಿಥಿಯಂ ಅಯಾನ್ ಸೆಲ್ಲುಗಳ ಲೆಕ್ಕ. ಅವುಗಳನ್ನು ಪ್ಯಾರಲಲ್ ಕಟ್ಟಿದಂತೆ ಎಣಿಸಿ 3.7 ವೋಲ್ಟಿನಲ್ಲಿ ಹೇಳಿದ ಅಂಕಿ. 8.8 × 3.7 = 32.6 ವ್ಯಾಟ್-ಅವರ್, ಇರುವುದು ಇಷ್ಟೇ. ಹೊರಗೆ 12 ವೋಲ್ಟ್ ಕೊಡುವುದು ಒಳಗಿನ ಕನ್ವರ್ಟರ್. ವೋಲ್ಟೇಜ್ ಏರಿಸಿದಷ್ಟೂ ಎಎಚ್ ಇಳಿಯುತ್ತದೆ, ಮೇಲೆ ಸ್ವಲ್ಪ ನಷ್ಟ. 32.6ರಲ್ಲಿ ಶೇ. 85 ಸಿಕ್ಕಿದರೆ 27.7, ಅದನ್ನು 8ರಿಂದ ಭಾಗಿಸಿದರೆ ಮೂರೂವರೆ ಗಂಟೆಯ ಹತ್ತಿರ. ನಿಮ್ಮ ಯುಪಿಎಸ್ ಸರಿಯಾಗಿಯೇ ಇದೆ. ಪವರ್ ಬ್ಯಾಂಕಿಗೂ ಇದೇ ಲೆಕ್ಕ: 20000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ಎಎಚ್ ಯಾವ ವೋಲ್ಟೇಜಿನಲ್ಲಿ ಅಳೆದದ್ದೋ ಅದೇ ವೋಲ್ಟೇಜಿನಿಂದ ಗುಣಿಸಬೇಕು.

ಪುತ್ತೂರಿನ ಮೇಡಂ, ಈಗ ನಿಮ್ಮ C20. ಅಂದರೆ 20 ಗಂಟೆ ಕಾಲ ನಿಧಾನವಾಗಿ ಖಾಲಿ ಮಾಡಿದರೆ 150 ಎಎಚ್ ಸಿಗುತ್ತದೆ ಎಂದು. 150ನ್ನು 20ರಿಂದ ಭಾಗಿಸಿ, 7.5 ಆಂಪಿಯರ್. ಆ 150 ನಿಜವಾಗುವುದು ಅಷ್ಟು ನಿಧಾನ ಹೋದರೆ ಮಾತ್ರ. ನೀವು ಎಷ್ಟು ಎಳೆಯುತ್ತಿದ್ದೀರಿ ನೋಡಿ:

```
256 / 0.82 / 12 = 26 A
```

ಮೂರೂವರೆ ಪಟ್ಟು ವೇಗ. ಸೀಸ-ಆಮ್ಲದ ಬ್ಯಾಟರಿಯಲ್ಲಿ ಪ್ಲೇಟಿನ ರಂಧ್ರಗಳೊಳಗಿನ ಆಮ್ಲ ಖರ್ಚಾದ ಮೇಲೆ ಹೊರಗಿನ ಆಮ್ಲ ಒಳಕ್ಕೆ ಇಳಿಯಬೇಕು. ಜೋರಾಗಿ ಎಳೆದರೆ ಅದಕ್ಕೆ ಸಮಯ ಸಾಲದು, ಹೊರಗೆ ಆಮ್ಲ ಉಳಿದಿದ್ದರೂ ವೋಲ್ಟೇಜ್ ಕುಸಿಯುತ್ತದೆ. ಇದನ್ನು ಅಂದಾಜು ಮಾಡಲು ಪ್ಯೂಕರ್ಟ್ ಸೂತ್ರ ಇದೆ:

```
t = 20 × (150 / (26 × 20))^k
```

k ಅನ್ನುವುದು ಬ್ಯಾಟರಿಯಿಂದ ಬ್ಯಾಟರಿಗೆ ಬೇರೆ. ಲೇಬಲ್ಲಿನಲ್ಲಿ C20 ಮತ್ತು C10 ಎರಡೂ ಅಂಕಿ ಇದ್ದರೆ ಅದರಿಂದಲೇ ತೆಗೆಯಬಹುದು. ಉದಾಹರಣೆಗೆ C20ಗೆ 150, C10ಗೆ 135 ಇದ್ದರೆ k ಸುಮಾರು 1.18 ಬರುತ್ತದೆ. ನಿಮ್ಮದಕ್ಕೆ 1.2 ಹಿಡಿದರೆ t = 4.5 ಗಂಟೆ. 26 ಆಂಪಿಯರ್ × 4.5 ಗಂಟೆ = 117 ಎಎಚ್. ಈ ಲೋಡಿನಲ್ಲಿ ನಿಮ್ಮ 150 ಎಎಚ್ ಬ್ಯಾಟರಿ 117ರ ಬ್ಯಾಟರಿಯಂತೆ ನಡೆದುಕೊಳ್ಳುತ್ತದೆ. ಅದರ ಅರ್ಧ 58.5 ಎಎಚ್, ಅಂದರೆ ಎರಡು ಕಾಲು ಗಂಟೆ.

ಎರಡು ಗಂಟೆ ದಾಟುವಾಗ ಸೋತ ಹಾಗೆ ಕಾಣುತ್ತದೆ ಅಂದಿರಲ್ಲ, ಲೆಕ್ಕವೂ ಅದನ್ನೇ ಹೇಳುತ್ತಿದೆ. ಇಷ್ಟರಿಂದ ಬ್ಯಾಟರಿ ಕೆಟ್ಟದ್ದು ಎನ್ನಲಾಗುವುದಿಲ್ಲ.

ಸೋಲಾರ್ ಶಿರಸಿ

ಹೈಡ್ರೋಮೀಟರ್ ಅವರ ವಿವರಣೆ ಚೆನ್ನಾಗಿದೆ, ಆದರೆ ಕೊನೆಯ ಹೆಜ್ಜೆಗೆ ನನ್ನ ಒಪ್ಪಿಗೆ ಇಲ್ಲ. ಜೋರಾಗಿ ಎಳೆದಾಗ ಸಿಗದೆ ಹೋದ 33 ಎಎಚ್ ಎಲ್ಲಿಗೂ ಹೋಗಿರುವುದಿಲ್ಲ, ಒಳಗೇ ಇರುತ್ತದೆ. ಲೋಡು ತೆಗೆದು ಎರಡು ಗಂಟೆ ಬಿಟ್ಟರೆ ವೋಲ್ಟೇಜ್ ಮೇಲೇಳುತ್ತದೆ, ಸಣ್ಣ ಲೋಡಿಗೆ ಆ ಎಎಚ್ ಸಿಗುತ್ತದೆ. ಹಾಗಿರುವಾಗ 58.5 ಎಎಚ್ ತೆಗೆದಾಗ ಪ್ಲೇಟಿನ ಮೇಲೆ ಆದ ರಾಸಾಯನಿಕ ಬದಲಾವಣೆ 150ರಲ್ಲಿ ಶೇ. 39 ಮಾತ್ರ. ಬ್ಯಾಟರಿಯ ಆಯಸ್ಸು ಅದರ ಮೇಲೆ ನಿಂತಿದೆ ತಾನೆ? ಅರ್ಧ ಅಂದರೆ 75 ಎಎಚ್ ತೆಗೆಯಲಿ, 26 ಆಂಪಿಯರಿಗೆ 2 ಗಂಟೆ 53 ನಿಮಿಷ. ನೀವು ಮೊದಲು ಕೊಟ್ಟ ಉತ್ತರವೇ ಸರಿ.

ಹೈಡ್ರೋಮೀಟರ್

ಒಳ್ಳೆಯ ಪ್ರಶ್ನೆ. ಪ್ಲೇಟಿನ ದೃಷ್ಟಿಯಿಂದ ನೀವು ಹೇಳುವುದರಲ್ಲಿ ಹುರುಳಿದೆ. ನಾನು 58.5 ಹಿಡಿಯುವುದಕ್ಕೆ ಕಾರಣ ಬೇರೆ. ಜೋರು ಲೋಡಿನಲ್ಲಿ ಆರು ಸೆಲ್ಲುಗಳಲ್ಲಿ ಸ್ವಲ್ಪ ದುರ್ಬಲವಾದದ್ದು ಉಳಿದವುಗಳಿಗಿಂತ ಬೇಗ ಕೆಳಗಿಳಿಯುತ್ತದೆ, ಹೊರಗಿನ ಎರಡು ಟರ್ಮಿನಲ್ ನಡುವೆ ಅಳೆದರೆ ಅದು ಗೊತ್ತಾಗುವುದೇ ಇಲ್ಲ. ಬ್ಯಾಟರಿ ಒಂದೆರಡು ವರ್ಷ ಹಳತಾದ ಮೇಲೆ ಈ ಅಂತರ ಇನ್ನೂ ಹೆಚ್ಚು. ಹಾಗಾಗಿ ಹೊಸ ಬ್ಯಾಟರಿಗೆ ನಿಮ್ಮ 75, ಹಳತಾದಂತೆ ನನ್ನ 58 ಎಂದು ಇಟ್ಟುಕೊಂಡರೆ ಜಗಳವಿಲ್ಲ.

ಸೋಲಾರ್ ಶಿರಸಿ

ಹಳೆಯ ಬ್ಯಾಟರಿಯ ಮಾತು ಬೇರೆ, ಆಗ 150 ಅನ್ನುವ ಅಂಕಿಯನ್ನೇ ಇಳಿಸಬೇಕು. ಹೊಸದಕ್ಕೆ ನಾನು 75ರಲ್ಲೇ ನಿಲ್ಲುತ್ತೇನೆ.

ಇನ್ನೊಂದು ಮಾತು. ಈ ಅರ್ಧದ ನಿಯಮವನ್ನು ಎಲ್ಲರಿಗೂ ಒಂದೇ ಥರ ಹೇಳುವುದೂ ಸರಿಯಲ್ಲ. ಟ್ಯೂಬುಲರ್ ಬ್ಯಾಟರಿಗಳು ಶೇ. 80 ಇಳಿಸಿದರೂ ತಡೆಯುವಂತೆ ಮಾಡಿದವು, ಸೋಲಾರಿಗೆ ಮಾರುವ ಬ್ಯಾಟರಿಗಳ ಹಾಳೆಯಲ್ಲಿ ಸೈಕಲ್ ಸಂಖ್ಯೆ ಕೊಡುವುದೇ ಶೇ. 80ಕ್ಕೆ. ಕಾರಿನ ಬ್ಯಾಟರಿಯ ಮಾತು ಬೇರೆ, ಅದನ್ನು ಅಷ್ಟು ಇಳಿಸಲೇಬಾರದು. ದಿನಾ ಇಳಿಸಿ ಏರಿಸುವ ಮನೆಗೆ ಅರ್ಧ ಒಳ್ಳೆಯದು. ವರ್ಷಕ್ಕೆ ಮೂವತ್ತು ನಲವತ್ತು ಸಲ ಕರೆಂಟು ಹೋಗುವ ಮನೆಯಲ್ಲಿ ಸೈಕಲ್‌ಗಳ ಲೆಕ್ಕ ಮುಗಿಯುವ ಎಷ್ಟೋ ಮೊದಲೇ ಬ್ಯಾಟರಿ ವಯಸ್ಸಾಗಿ ಸಾಯುತ್ತದೆ. ಅಂಥಲ್ಲಿ ಶೇ. 70 ತೆಗೆದರೆ ಏನೂ ಆಗದು.

ಹಾವೇರಿ ಮಂದಿ

ಇದನ್ನ ನಾ ಮೊದಲ ಹೇಳೀನ್ರಿ, ಅರ್ಧದ ಚಿಂತಿ ಬಿಡ್ರಿ ಅಂತ.

ಹೈಡ್ರೋಮೀಟರ್

ಹಾವೇರಿಯವರೇ, ಶೇ. 70ಕ್ಕೂ ಕಟ್ ಆಫ್ ಬರುವ ತನಕ ಓಡಿಸುವುದಕ್ಕೂ ವ್ಯತ್ಯಾಸ ಇದೆ. ಆಳಕ್ಕಿಂತ ಹೆಚ್ಚು ಹಾಳು ಮಾಡುವುದು ಇಳಿಸಿದ ಮೇಲೆ ಹಾಗೇ ಬಿಡುವುದು. ಖಾಲಿಯಾದ ಪ್ಲೇಟಿನ ಮೇಲಿನ ಸೀಸದ ಸಲ್ಫೇಟ್ ದಿನ ಕಳೆದಂತೆ ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಅದು ಖಾಯಂ ನಷ್ಟ.

ಅದಕ್ಕೇ ಎಷ್ಟು ತೆಗೆಯಬಹುದು ಅನ್ನುವಾಗ ಎಷ್ಟು ವಾಪಸ್ ತುಂಬುತ್ತದೆ ಅನ್ನುವುದನ್ನೂ ನೋಡಬೇಕು. 75 ಎಎಚ್ ತೆಗೆದರೆ ಅದರ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಕಡಿಮೆ, ಸುಮಾರು 88 ಎಎಚ್ ಒಳಗೆ ಹಾಕಬೇಕು. ಇನ್ವರ್ಟರ್ 12 ಆಂಪಿಯರಿನಲ್ಲಿ ಚಾರ್ಜ್ ಮಾಡಿದರೆ ಏಳೂಕಾಲು ಗಂಟೆ. ಕೊನೆಯಲ್ಲಿ ಆಂಪಿಯರ್ ತಾನಾಗಿ ಇಳಿಯುವುದರಿಂದ ನಿಜಕ್ಕೆ ಹತ್ತು ಗಂಟೆ ಎಂದಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಕರೆಂಟು ಬಂದು ಬೆಳಿಗ್ಗೆ ಆರಕ್ಕೆ ಮತ್ತೆ ಹೋದರೆ ನೀವು ಶುರು ಮಾಡುವುದೇ ತುಂಬದ ಬ್ಯಾಟರಿಯಿಂದ, ಆಗ ಮೇಲಿನ ಯಾವ ಲೆಕ್ಕವೂ ಹೊಂದುವುದಿಲ್ಲ. ಶೇ. 70 ಇಳಿಸುವವರಿಗೆ ಈ ತೊಂದರೆ ಇನ್ನೂ ಜಾಸ್ತಿ.

ಮೈಸೂರು ಮಲ್ಟಿಮೀಟರ್

ಅರ್ಧಕ್ಕೆ ಬಂದಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ನೆಟ್ಟಿನಲ್ಲಿ ಸಿಗುವ ಪಟ್ಟಿಯಲ್ಲಿ 12.7 ಇದ್ದರೆ ಪೂರ್ತಿ, 12.2 ಇದ್ದರೆ ಅರ್ಧ ಅಂತ ಇದೆ. ನನ್ನ ಟ್ಯೂಬುಲರ್ ಬ್ಯಾಟರಿ ರಾತ್ರಿಯಿಡೀ ಚಾರ್ಜ್ ಆಗಿ, ವೈರ್ ಬಿಚ್ಚಿ ಆರು ಗಂಟೆ ಬಿಟ್ಟ ಮೇಲೂ 12.5 ದಾಟುವುದಿಲ್ಲ. ಆ ಪಟ್ಟಿಯ ಪ್ರಕಾರ ಶೇ. 80 ಕೂಡ ತುಂಬಿಲ್ಲ. ವಾರಂಟಿಯಲ್ಲಿ ಬದಲಾಯಿಸಿ ಕೊಡಿ ಅಂತ ಕೇಳಬೇಕೆಂದಿದ್ದೇನೆ.

ಹೈಡ್ರೋಮೀಟರ್

ಕೇಳುವ ಮೊದಲು ಆಮ್ಲದ ಸಾಂದ್ರತೆ ನೋಡಿ ಸರ್. ಆ ಪಟ್ಟಿ 1.265ರ ಹತ್ತಿರದ ಸಾಂದ್ರತೆಯ ಬ್ಯಾಟರಿಗಳದ್ದು. ನಮ್ಮಲ್ಲಿ ಸಿಗುವ ಟ್ಯೂಬುಲರ್ ಇನ್ವರ್ಟರ್ ಬ್ಯಾಟರಿಗಳಲ್ಲಿ ಪೂರ್ತಿ ಚಾರ್ಜ್ ಆದಾಗ ಸಾಮಾನ್ಯವಾಗಿ 1.240ರ ಆಸುಪಾಸು ಇರುತ್ತದೆ. ವಿಶ್ರಾಂತಿಯಲ್ಲಿರುವ ಒಂದು ಸೆಲ್ಲಿನ ವೋಲ್ಟೇಜ್ ಅಂದಾಜು ಸಾಂದ್ರತೆಗೆ 0.84 ಕೂಡಿಸಿದಷ್ಟು:

```
6 × (1.240 + 0.84) = 12.48 V
```

ನಿಮ್ಮ 12.5 ಅಂದರೆ ತುಂಬಿದ ಬ್ಯಾಟರಿ. ಆರೂ ಸೆಲ್ಲುಗಳ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆಯಿರಿ. ಎಲ್ಲವೂ 1.235ರಿಂದ 1.245ರೊಳಗೆ ಇದ್ದರೆ ಚಿಂತೆ ಬೇಡ. ಐದು ಸರಿಯಿದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆಗ ವಾರಂಟಿಗೆ ಹೋಗಿ. ನೀರು ಹಾಕಿದ ತಕ್ಷಣ ಅಳೆಯಬೇಡಿ, ಮೇಲಿನ ಪದರ ತೆಳುವಾಗಿದ್ದು ಸುಳ್ಳು ಅಂಕಿ ಬರುತ್ತದೆ. ಚಾರ್ಜ್ ಮಾಡಿ ಬೆರೆತ ಮೇಲೆ ನೋಡಿ.

ಅರ್ಧ ತಿಳಿಯುವುದಕ್ಕೂ ಇದೇ ಉಪಕರಣ. ತೆಗೆದ ಎಎಚ್‌ಗೆ ಸರಿಯಾಗಿ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಸಮನೆ ಇಳಿಯುತ್ತದೆ. ಪೂರ್ತಿ ಖಾಲಿಯಾದಾಗ ಎಷ್ಟಿರಬೇಕು ಎಂದು ಕಂಪನಿಯ ಕೈಪಿಡಿಯಲ್ಲಿ ಕೊಟ್ಟಿದ್ದರೆ ತುಂಬಿದಾಗಿನ ಅಂಕಿಗೂ ಅದಕ್ಕೂ ನಡುವಿನದು ಅರ್ಧ. ಫ್ಯಾನ್ ತಿರುಗುತ್ತಿರುವಾಗ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದು ಯಾವ ಪಟ್ಟಿಗೂ ಹೋಲಿಸಬೇಡಿ. ಲೋಡಿನ ವೋಲ್ಟೇಜ್ ಯಾವಾಗಲೂ ಕೆಳಗೇ ಇರುತ್ತದೆ.

ಸೋಲಾರ್ ಶಿರಸಿ

ಹೈಡ್ರೋಮೀಟರ್ ಹಿಡಿದು ಕೂರಲಾಗದವರು ಬ್ಯಾಟರಿಯ ನೆಗೆಟಿವ್ ವೈರಿಗೆ ಶಂಟ್ ಇರುವ ಡಿಸಿ ಮೀಟರ್ ಹಾಕಿಕೊಳ್ಳಿ. ಹೋದ ಎಎಚ್, ವ್ಯಾಟ್-ಅವರ್ ಎರಡನ್ನೂ ತೋರಿಸುತ್ತದೆ. ಇವರ ಲೋಡಿಗೆ 100 ಆಂಪಿಯರಿನ ಶಂಟ್ ಸಾಕು. ಆ ವೈರಿನಿಂದ ಬೇರೆ ಏನೂ ಕವಲು ಹೋಗಿರಬಾರದು, ಎಲ್ಲವೂ ಶಂಟ್ ದಾಟಿಯೇ ಹೋಗಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಪುತ್ತೂರಿನವಳು

ಇಷ್ಟೆಲ್ಲಾ ತಿಳಿಸಿದ್ದಕ್ಕೆ ತುಂಬಾ ಉಪಕಾರ. ಈಗ ನನ್ನ ಮುಂದೆ ಇರುವ ದಾರಿ ಎರಡು. ಇಂಥದ್ದೇ ಇನ್ನೊಂದು ಬ್ಯಾಟರಿ ಪ್ಯಾರಲಲ್ ಹಾಕುವುದು, ಅಥವಾ ಇದನ್ನು ಕೊಟ್ಟು 12.8 ವೋಲ್ಟ್ 100 ಎಎಚ್ ಲಿಥಿಯಂ ತರುವುದು. 150 ಕೊಟ್ಟು 100 ತರುವುದು ನಷ್ಟವಲ್ಲವಾ?

ಹೈಡ್ರೋಮೀಟರ್

ಎಎಚ್ ಹೋಲಿಸಬೇಡಿ, ಬಳಸಲು ಸಿಗುವ ವ್ಯಾಟ್-ಅವರ್ ಹೋಲಿಸಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಂದಕ್ಕೆ 3.2 ವೋಲ್ಟ್, ನಾಲ್ಕು ಸೇರಿ 12.8. ಅದನ್ನು ಶೇ. 80 ಇಳಿಸಿದರೂ ನೆಮ್ಮದಿ.

```
100 × 12.8 × 0.8 × 0.82 = 840 Wh
840 / 256 = 3.28 h
```

ಜೋರಾಗಿ ಎಳೆದರೂ ಇದರ ಎಎಚ್ ಅಷ್ಟಾಗಿ ಕುಗ್ಗುವುದಿಲ್ಲ, ಆದ್ದರಿಂದ ಪ್ಯೂಕರ್ಟ್ ಕಳೆಯುವ ಅಗತ್ಯವಿಲ್ಲ. 3 ಗಂಟೆ 17 ನಿಮಿಷ. ನಿಮ್ಮ 150ಕ್ಕಿಂತ ಜಾಸ್ತಿಯೇ, ಆದರೂ ನಾಲ್ಕು ಮುಟ್ಟಲಿಲ್ಲ. ನಿಮ್ಮ ಇನ್ವರ್ಟರಿನಲ್ಲಿ ಲಿಥಿಯಂ ಚಾರ್ಜಿಂಗ್ ಸೆಟ್ಟಿಂಗ್ ಇದೆಯೇ ಎಂದು ಮೊದಲು ನೋಡಬೇಕು. ಟ್ಯೂಬುಲರಿಗೆ ಮಾಡಿದ ಚಾರ್ಜರ್ ವೋಲ್ಟೇಜ್ ಹೆಚ್ಚು ಏರಿಸಿದರೆ ಲಿಥಿಯಂ ಒಳಗೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಮಧ್ಯದಲ್ಲೇ ಕಡಿತ ಮಾಡುತ್ತದೆ.

ಪ್ಯಾರಲಲ್ ಹಾಕುವುದಾದರೆ ನಿಮ್ಮದು ಹೊಸದಿರುವಾಗಲೇ ಹಾಕಿ, ಅದೇ ಕಂಪನಿಯ ಅದೇ ಮಾಡೆಲ್. ಇನ್ವರ್ಟರಿನ ಪಾಸಿಟಿವ್ ವೈರ್ ಒಂದು ಬ್ಯಾಟರಿಯಿಂದ, ನೆಗೆಟಿವ್ ಇನ್ನೊಂದು ಬ್ಯಾಟರಿಯಿಂದ ತೆಗೆದುಕೊಳ್ಳಿ. ಎರಡನ್ನೂ ಒಂದೇ ಬ್ಯಾಟರಿಯಿಂದ ತೆಗೆದರೆ ಅದೇ ಹೆಚ್ಚು ದುಡಿದು ಬೇಗ ಸೋಲುತ್ತದೆ.

ಆದರೆ ನೀವು ಬರೆಯದ ಮೂರನೆಯ ದಾರಿಯೇ ನನಗೆ ಇಷ್ಟ. 256 ವ್ಯಾಟಿನಲ್ಲಿ 150 ವ್ಯಾಟ್ ಎರಡು ಫ್ಯಾನಿನದ್ದು. ಅವನ್ನು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಮಾಡಿದರೆ ಲೋಡು 166ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಎಳೆಯುವುದು 17 ಆಂಪಿಯರಿಗಿಂತ ಸ್ವಲ್ಪ ಕಡಿಮೆ. ಆ ವೇಗಕ್ಕೆ ಬ್ಯಾಟರಿ 117ರ ಬದಲು 127 ಎಎಚ್ ಕೊಡುತ್ತದೆ. ಅದರ ಅರ್ಧ ಹಿಡಿದರೂ 3 ಗಂಟೆ 45 ನಿಮಿಷ. ಲೋಡು ಇಳಿಸಿದಾಗ ಹೀಗೆ ಎರಡು ಕಡೆಯಿಂದ ಲಾಭ: ಬೇಕಾದದ್ದೂ ಕಡಿಮೆ, ಸಿಗುವುದೂ ಜಾಸ್ತಿ.

ಸೋಲಾರ್ ಶಿರಸಿ

ನನ್ನ ಲೆಕ್ಕದಂತೆ 75 ಎಎಚ್ ತೆಗೆದರೆ ಅದೇ ಲೋಡಿಗೆ ನಾಲ್ಕು ಗಂಟೆ 26 ನಿಮಿಷ. ನಾಲ್ಕು ಗಂಟೆ ದಾಟಿತು.

ಪುತ್ತೂರಿನವಳು

ಫ್ಯಾನ್ ಎರಡು ಬದಲಾಯಿಸುವುದು ಬ್ಯಾಟರಿಗಿಂತ ಅಗ್ಗ, ಕರೆಂಟು ಬಿಲ್ಲೂ ಇಳಿಯುತ್ತದೆ. ಅದನ್ನೇ ಮಾಡುತ್ತೇನೆ. ಟಿವಿಯನ್ನು ಮೂರನೇ ಗಂಟೆಗೆ ಬಂದ್ ಮಾಡಿದರೆ ಇಬ್ಬರ ಲೆಕ್ಕಕ್ಕೂ ಹೊಂದುತ್ತದಾ?

ಹೈಡ್ರೋಮೀಟರ್

ಮೂರು ಗಂಟೆಗೆ 16.9 ಆಂಪಿಯರಿನಂತೆ 50.6 ಎಎಚ್. ಆಮೇಲೆ ಟಿವಿ ಇಲ್ಲದ 106 ವ್ಯಾಟಿಗೆ 10.8 ಆಂಪಿಯರ್, ಒಂದು ಗಂಟೆಗೆ 10.8 ಎಎಚ್. ಒಟ್ಟು 61.4. ನನ್ನ 63ರ ಗೆರೆಯೊಳಗೇ ಇದೆ. ಇನ್ವರ್ಟರ್ ತನಗಾಗಿ ಉಣ್ಣುವ ಹತ್ತಿಪ್ಪತ್ತು ವ್ಯಾಟ್ ಸಣ್ಣ ಲೋಡಿನಲ್ಲಿ ಹೆಚ್ಚಾಗಿ ಕಾಣುತ್ತದೆ, ಹಾಗಾಗಿ ಆ ಕೊನೆಯ ಗಂಟೆಯಲ್ಲಿ 0.82 ಸಿಗದೇ ಇರಬಹುದು. ಫ್ಯಾನ್ ಹಾಕಿದ ಮೇಲೆ ಒಮ್ಮೆ ಪೂರ್ತಿ ನಾಲ್ಕು ಗಂಟೆ ಓಡಿಸಿ, ಲೋಡು ತೆಗೆದು ಒಂದೆರಡು ಗಂಟೆ ಬಿಟ್ಟು, ಆರೂ ಸೆಲ್ಲಿನ ಸಾಂದ್ರತೆ ಬರೆದು ಇಲ್ಲಿ ಹಾಕಿ. ಶಿರಸಿಯವರದ್ದು ಸರಿಯೋ ನನ್ನದು ಸರಿಯೋ ಆ ಅಂಕಿಗಳಿಂದ ಸ್ವಲ್ಪ ಗೊತ್ತಾಗುತ್ತದೆ.